ರಜೆಯ ನಿಯಮ ಬದಲಾದಾಗ ಸುತ್ತೋಲೆ ಏನು ಹೇಳಬೇಕು?

ರಜೆ ನೀತಿಯ ಪರಿಷ್ಕರಣೆಯನ್ನು ನೌಕರರಿಗೆ ತಿಳಿಸುವ ಸುತ್ತೋಲೆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಏನು ಬದಲಾಯಿತು, ಯಾರಿಗೆ ಅನ್ವಯಿಸುತ್ತದೆ, ಯಾವಾಗಿನಿಂದ ಜಾರಿ. ಮೊದಲ ಪ್ರಶ್ನೆಗೆ ಬಹುತೇಕ ಸುತ್ತೋಲೆಗಳು ಹೇಗೋ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಅರ್ಧ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ‘ತಕ್ಷಣದಿಂದ ಜಾರಿಗೆ ಬರುತ್ತದೆ’ ಎಂಬ ಒಂದು ಸಾಲು ಬರೆದು ಮುಗಿಸುವುದೇ ಹೆಚ್ಚು. ಆದರೆ ರಜೆಯ ವಿಷಯದಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಈ ಮೂರನೆಯ ಪ್ರಶ್ನೆಯಲ್ಲಿಯೇ. ರಜೆ ದಿನದಿನಕ್ಕೆ ಕೂಡುತ್ತಾ ಹೋಗುವ ಲೆಕ್ಕ. ನಿಯಮ ಬದಲಾದ ದಿನ ಪ್ರತಿಯೊಬ್ಬ ನೌಕರನ ಖಾತೆಯಲ್ಲೂ ಹಿಂದೆ ದುಡಿದು ಗಳಿಸಿದ ಒಂದಿಷ್ಟು ದಿನಗಳು ಇದ್ದೇ ಇರುತ್ತವೆ. ಅವುಗಳ ಗತಿ ಏನೆಂದು ಹೇಳದ ಸುತ್ತೋಲೆ ಅಪೂರ್ಣ.

ಇದನ್ನು ಅರಿಯಲು 2025ರ ಕೊನೆಯ ದಿನಗಳಿಗಿಂತ ಒಳ್ಳೆಯ ಸಂದರ್ಭ ಸಿಗಲಾರದು. ಆ ವರ್ಷದ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂತು. ವೇತನಸಹಿತ ವಾರ್ಷಿಕ ರಜೆಯ ನಿಯಮವೂ ಅದರೊಂದಿಗೆ ಬದಲಾಯಿತು. ಅದರ ಹಿಂದಿನ ದಿನವಷ್ಟೇ, ನವೆಂಬರ್ 20ರಂದು, ಕರ್ನಾಟಕ ಸರ್ಕಾರ ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ಆದೇಶ ಹೊರಡಿಸಿತ್ತು. ಹೀಗೆ ರಾಜ್ಯದ ಕಾರ್ಖಾನೆಗಳ ಸಿಬ್ಬಂದಿ ವಿಭಾಗಗಳು ಒಂದೇ ವಾರದಲ್ಲಿ ಎರಡು ಬದಲಾವಣೆಗಳನ್ನು ನೌಕರರಿಗೆ ತಿಳಿಸಬೇಕಾಗಿ ಬಂತು. ಕ್ಯಾಲೆಂಡರ್ ವರ್ಷ ಮುಗಿಯಲು ಆಗ ಆರು ವಾರವೂ ಉಳಿದಿರಲಿಲ್ಲ.

ಮೊದಲು ವಾರ್ಷಿಕ ರಜೆ, ಅಂದರೆ ಕಾರ್ಖಾನೆಗಳಲ್ಲಿ ಎಲ್ಲರೂ ‘ಇಎಲ್’ ಎಂದು ಕರೆಯುವ ಗಳಿಕೆ ರಜೆ. ಕಾರ್ಖಾನೆ ಕಾಯ್ದೆಯ ಪ್ರಕಾರ ಒಂದು ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 240 ದಿನ ದುಡಿದವರಿಗೆ ಮಾತ್ರ ಈ ರಜೆ ಸಿಗುತ್ತಿತ್ತು. ಹೊಸ ಸಂಹಿತೆ ಆ ಮಿತಿಯನ್ನು 180 ದಿನಕ್ಕೆ ಇಳಿಸಿತು. ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ರಜೆ ಎಂಬ ದರ ಹಾಗೆಯೇ ಉಳಿಯಿತು. ಬಳಸದೆ ಉಳಿದ ರಜೆಯಲ್ಲಿ ಮುಂದಿನ ವರ್ಷಕ್ಕೆ ಒಯ್ಯಬಹುದಾದದ್ದು 30 ದಿನ ಎಂಬುದೂ ಬದಲಾಗಲಿಲ್ಲ. ಬದಲಾದದ್ದು 30ರ ಆಚೆಗಿನ ದಿನಗಳ ಪಾಡು. ಹಿಂದೆ ಅವುಗಳಿಗೆ ಕಾನೂನಿನ ರಕ್ಷಣೆ ಇರಲಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಡಿಸೆಂಬರ್ 31ಕ್ಕೆ ಅವು ರದ್ದಾಗುತ್ತಿದ್ದವು. ಈಗ ಹೆಚ್ಚುವರಿ ದಿನಗಳನ್ನು ನಗದಾಗಿಸಿಕೊಳ್ಳುವ ಹಕ್ಕು ಕೆಲಸಗಾರನಿಗಿದೆ. ವರ್ಷದ ಕೊನೆಯಲ್ಲಿ ಉಳಿದ ರಜೆಯನ್ನು ಕೇಳಿ ನಗದಾಗಿಸಿಕೊಳ್ಳುವ ಅವಕಾಶವನ್ನೂ ಸಂಹಿತೆ ಕೊಟ್ಟಿದೆ. ಅರ್ಜಿ ಹಾಕಿದ ರಜೆಯನ್ನು ಮಾಲೀಕರು ನಿರಾಕರಿಸಿದ್ದರೆ ಆ ದಿನಗಳಿಗೆ 30ರ ಮಿತಿ ತಾಗುವುದಿಲ್ಲ. ಹಳೆಯ ಕಾಯ್ದೆಯಲ್ಲೂ ಇದ್ದ ಈ ಮಾತು ಬಹಳ ನೌಕರರಿಗೆ ಗೊತ್ತೇ ಇಲ್ಲ.

ಬದಲಾವಣೆ ಇಷ್ಟೇ. ಆದರೆ ಇದನ್ನು ‘ಹೊಸ ಸಂಹಿತೆಯ ಅನುಸಾರ ಕಂಪನಿಯ ರಜೆ ನೀತಿಯನ್ನು ಪರಿಷ್ಕರಿಸಲಾಗಿದೆ, ವಿವರಗಳಿಗೆ ಲಗತ್ತಿಸಿದ ನೀತಿ ಪುಸ್ತಿಕೆ ನೋಡಿ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಪುಸ್ತಿಕೆಯಲ್ಲಿ ಹೊಸ ನಿಯಮ ಮಾತ್ರ ಇರುತ್ತದೆ, ಹಳೆಯದು ಇರುವುದಿಲ್ಲ. ತನಗೆ ಲಾಭವಾಯಿತೋ ನಷ್ಟವಾಯಿತೋ ತಿಳಿಯಲು ನೌಕರ ಎರಡು ಪುಸ್ತಿಕೆಗಳನ್ನು ಎದುರಿಟ್ಟುಕೊಂಡು ಹುಡುಕಬೇಕು. ಅದನ್ನು ಮಾಡುವವರು ಕಡಿಮೆ. ಆದ್ದರಿಂದ ಪ್ರತಿ ಬದಲಾವಣೆಯನ್ನೂ ಹಿಂದೆ ಹೀಗಿತ್ತು, ಇನ್ನು ಮುಂದೆ ಹೀಗೆ ಎಂದು ಜೋಡಿಯಾಗಿಯೇ ಬರೆಯಬೇಕು. ಬದಲಾಗದೆ ಉಳಿದ ಮುಖ್ಯ ಸಂಗತಿಗಳನ್ನೂ ಒಂದು ಸಾಲಿನಲ್ಲಿ ಹೇಳಬೇಕು. 20 ದಿನಕ್ಕೊಂದು ರಜೆಯ ದರ ಬದಲಾಗಿಲ್ಲ ಎಂಬ ಸಾಲು ಇಲ್ಲದಿದ್ದರೆ, ಅದೂ ಬದಲಾಗಿದೆಯಂತೆ ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಹಬ್ಬಿರುತ್ತದೆ.

ಈಗ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕ. ಯಂತ್ರಗಳ ಮುಂದೆ ಪಾಳಿಯಲ್ಲಿ ದುಡಿಯುವ ಕಾಯಂ ಕೆಲಸಗಾರರು, ಅವರ ಮೇಲೆ ತಿಂಗಳಿಗೆ 32,000 ರೂಪಾಯಿ ಸಂಬಳದ ಸೂಪರ್‌ವೈಸರುಗಳು, ಪ್ಯಾಕಿಂಗ್ ಮತ್ತು ಸ್ವಚ್ಛತೆಗೆ ಗುತ್ತಿಗೆದಾರನ ಮೂಲಕ ಬಂದವರು, ನಗರದ ಇನ್ನೊಂದು ಕಡೆ ಮಾರಾಟ ವಿಭಾಗದ ಪುಟ್ಟ ಕಚೇರಿ. ಆಡಳಿತ ವರ್ಗ ಕಾನೂನಿನ ಬದಲಾವಣೆಯ ಜೊತೆಗೆ ತನ್ನದೂ ಒಂದನ್ನು ಸೇರಿಸಲು ಹೊರಟಿದೆ: ವರ್ಷಕ್ಕೆ 10 ದಿನ ಕೊಡುತ್ತಿದ್ದ ಸಾಂದರ್ಭಿಕ ರಜೆಯನ್ನು 7ಕ್ಕೆ ಇಳಿಸುವುದು. ಅಂದರೆ ಒಂದೇ ಸುತ್ತೋಲೆಯಲ್ಲಿ ನೌಕರರಿಗೆ ಅನುಕೂಲವಾಗುವುದೂ ಇದೆ, ಅನನುಕೂಲವಾಗುವುದೂ ಇದೆ. ನಿಜವಾದ ಸುತ್ತೋಲೆಗಳು ಹೆಚ್ಚಾಗಿ ಹೀಗೆಯೇ ಇರುತ್ತವೆ. ಇಳಿಕೆಯನ್ನು ಏರಿಕೆಯ ನೆರಳಿನಲ್ಲಿ ಮರೆಮಾಡುವ ಆಸೆ ಬರೆಯುವವರಿಗೆ ಸಹಜವಾಗಿ ಬರುತ್ತದೆ, ಅದನ್ನು ಮೀರಲೇಬೇಕು. ಮರೆಮಾಡಿದ್ದು ಮೊದಲ ಸಂಬಳದ ಚೀಟಿಯಲ್ಲಿ ಹೇಗೂ ಬಯಲಾಗುತ್ತದೆ, ಆಮೇಲೆ ಬರುವ ಯಾವ ಸುತ್ತೋಲೆಯನ್ನೂ ಜನ ನಂಬುವುದಿಲ್ಲ.

ಯಾರಿಗೆ ಅನ್ವಯ ಎಂಬುದಕ್ಕೆ ‘ಎಲ್ಲ ನೌಕರರಿಗೂ’ ಎಂಬ ಉತ್ತರ ಈ ಕಾರ್ಖಾನೆಯಲ್ಲಿ ನಿಲ್ಲುವುದಿಲ್ಲ. ಸಂಹಿತೆಯ ವಾರ್ಷಿಕ ರಜೆಯ ಹಕ್ಕು ಇರುವುದು ಕಾನೂನಿನ ಅರ್ಥದಲ್ಲಿ ‘ಕೆಲಸಗಾರ’ ಎನಿಸಿದವರಿಗೆ. ವ್ಯವಸ್ಥಾಪಕ ಮತ್ತು ಆಡಳಿತ ಹುದ್ದೆಯವರು ಅದರಿಂದ ಹೊರಗೆ. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವವರೂ ಹೊರಗೆ. ಹಾಗಾಗಿ 32,000 ರೂಪಾಯಿಯ ಸೂಪರ್‌ವೈಸರನ ರಜೆಯನ್ನು ತೀರ್ಮಾನಿಸುವುದು ಅವನ ನೇಮಕಾತಿ ಪತ್ರ ಮತ್ತು ಕಂಪನಿಯ ನೀತಿ. ಹೆಚ್ಚಿನ ಕಂಪನಿಗಳು ಎಲ್ಲರಿಗೂ ಒಂದೇ ನಿಯಮ ಇಟ್ಟುಕೊಳ್ಳುತ್ತವೆ, ಅದೇ ಸರಿ ಕೂಡ. ಆದರೆ ‘ಸೂಪರ್‌ವೈಸರುಗಳಿಗೂ ಇದೇ ನಿಯಮ’ ಎಂಬ ವಾಕ್ಯ ಸುತ್ತೋಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಅದು ಬರೀ ಊಹೆಯಾಗಿ ಉಳಿಯುತ್ತದೆ.

ಮಾರಾಟ ಕಚೇರಿಯ ಕಥೆ ಇನ್ನೂ ಬೇರೆ. ಅದು ಕಾರ್ಖಾನೆಯಲ್ಲ, ವಾಣಿಜ್ಯ ಸಂಸ್ಥೆ. ಅಲ್ಲಿನವರಿಗೆ ಲಾಗುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಗಳಿಕೆ ರಜೆಯ ದರ ಅಲ್ಲಿಯೂ 20ಕ್ಕೆ ಒಂದೇ. ಆದರೆ ಮುಂದಕ್ಕೆ ಒಯ್ಯುವ ಮಿತಿ ಹಿಂದೆ 30 ಇದ್ದದ್ದು ತಿದ್ದುಪಡಿಯಾಗಿ ಈಗ 45 ದಿನ. ಅನಾರೋಗ್ಯ ಮುಂತಾದ ಕಾರಣಗಳಿಗೆಂದು ವರ್ಷಕ್ಕೆ 12 ದಿನದವರೆಗೆ ಪ್ರತ್ಯೇಕ ವೇತನಸಹಿತ ರಜೆಯೂ ಇದೆ. ಕಾರ್ಖಾನೆಗೆಂದು ಬರೆದ ಸುತ್ತೋಲೆಯನ್ನು ಹಾಗೆಯೇ ಆ ಕಚೇರಿಗೂ ಕಳಿಸಿದರೆ, ಕಾನೂನು 45 ದಿನ ಕೊಟ್ಟವರಿಗೆ ಕಂಪನಿ 30 ದಿನ ಎಂದು ಹೇಳಿದಂತಾಗುತ್ತದೆ. ಕಂಪನಿಯ ನೀತಿ ಕಾನೂನಿಗಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಒಂದೇ ಕಂಪನಿಯಾದರೂ ಜಾಗ ಬದಲಾದರೆ ಕಾನೂನು ಬದಲಾಗಬಹುದು. ಆದ್ದರಿಂದ ‘ಪೀಣ್ಯ ಘಟಕದಲ್ಲಿ ಕೆಲಸ ಮಾಡುವವರಿಗೆ’ ಎಂದು ಜಾಗವನ್ನು ಹೆಸರಿಸಿಯೇ ಬರೆಯುವುದು ಕ್ಷೇಮ.

ಗುತ್ತಿಗೆಯವರ ರಜೆಯ ಲೆಕ್ಕ ಇರುವುದು ಗುತ್ತಿಗೆದಾರನ ಬಳಿ. ಸುತ್ತೋಲೆ ಅವರನ್ನು ಮರೆಯುವುದು ರೂಢಿಯಾಗಿಬಿಟ್ಟಿದೆ. ಆದರೆ ಮುಟ್ಟಿನ ರಜೆಯಲ್ಲಿ ಹಾಗೆ ಮರೆಯಲು ಬರುವುದಿಲ್ಲ. ಸರ್ಕಾರದ ಆದೇಶ 18ರಿಂದ 52 ವರ್ಷದ ಮಹಿಳಾ ನೌಕರರೆಲ್ಲರನ್ನೂ, ಅವರು ಕಾಯಂ ಆಗಿರಲಿ, ಗುತ್ತಿಗೆ ಅಥವಾ ಹೊರಗುತ್ತಿಗೆಯವರಾಗಿರಲಿ, ಒಳಗೊಳ್ಳುತ್ತದೆ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ. ಆ ತಿಂಗಳು ಬಳಸದಿದ್ದರೆ ಮುಂದಿನ ತಿಂಗಳಿಗೆ ಸೇರಿಸಿಕೊಳ್ಳುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ ಕೇಳುವಂತಿಲ್ಲ. ಹೋಟೆಲ್ ಉದ್ಯಮದವರು ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2025ರ ಡಿಸೆಂಬರ್ 9ರಂದು ಕೋರ್ಟು ಮೊದಲು ಮಧ್ಯಂತರ ತಡೆ ಕೊಟ್ಟು, ಅದೇ ದಿನ ಆ ತಡೆಯನ್ನು ಹಿಂಪಡೆಯಿತು. ಬೆಳಿಗ್ಗೆಯ ಸುದ್ದಿ ಓದಿ ‘ಮುಟ್ಟಿನ ರಜೆ ನಿಂತಿದೆ’ ಎಂದು ಪ್ರಕಟಿಸಿದ್ದರೆ ಸಂಜೆ ಅದನ್ನು ತಿದ್ದಬೇಕಾಗುತ್ತಿತ್ತು. ವ್ಯಾಜ್ಯದಲ್ಲಿರುವ ನಿಯಮವನ್ನು ಪ್ರಕಟಿಸುವಾಗ ‘ಇಂಥ ದಿನಾಂಕದ ಆದೇಶದಂತೆ’ ಎಂದು ಆಧಾರವನ್ನು ಹೆಸರಿಸಿದರೆ, ಮುಂದೆ ಆದೇಶ ಬದಲಾದಾಗ ಯಾವ ಸಾಲನ್ನು ಬದಲಿಸಬೇಕೆಂಬುದು ಎರಡೂ ಕಡೆಯವರಿಗೆ ಸ್ಪಷ್ಟವಿರುತ್ತದೆ.

ಈ ರಜೆಯ ಬಗ್ಗೆ ಸುತ್ತೋಲೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಅರ್ಜಿಯನ್ನು ಯಾರ ಮುಂದೆ ಹಿಡಿಯಬೇಕು ಎಂಬುದನ್ನು ಅದು ಹೇಳಲೇಬೇಕು. ಪಾಳಿಯ ಸೂಪರ್‌ವೈಸರ್ ಗಂಡಸಾಗಿದ್ದು, ಎಲ್ಲರ ಎದುರು ಕಾರಣ ಹೇಳಿ ಸಹಿ ಹಾಕಿಸಿಕೊಳ್ಳಬೇಕು ಎಂದಾದರೆ ರಜೆ ಕಾಗದದ ಮೇಲೆ ಮಾತ್ರ ಇರುತ್ತದೆ. ಫೋನಿನಲ್ಲಿ ಒಂದು ಸಂದೇಶ ಕಳಿಸಿದರೆ ಸಾಕು, ಅಥವಾ ಸಿಬ್ಬಂದಿ ವಿಭಾಗದ ಇಂಥವರಿಗೆ ತಿಳಿಸಿದರೆ ಸಾಕು ಎಂಬ ಒಂದು ಸಾಲು ಇಡೀ ನೀತಿಯನ್ನು ಬಳಕೆಗೆ ತರುತ್ತದೆ.

ಇನ್ನು ಯಾವಾಗಿನಿಂದ ಎಂಬ ಪ್ರಶ್ನೆ. ಇಲ್ಲಿ ಕಾನೂನೇ ಒಂದು ಬೇಲಿ ಹಾಕಿದೆ. ಕೆಲಸಗಾರರ ವೇತನಸಹಿತ ರಜೆ ಮತ್ತು ರಜಾದಿನಗಳ ವಿಷಯದಲ್ಲಿ ಸೇವಾ ಷರತ್ತು ಬದಲಿಸಲು ಹೊರಟ ಮಾಲೀಕ, ಬಾಧಿತರಾಗುವವರಿಗೆ ಮೊದಲು ನೋಟಿಸ್ ಕೊಡಬೇಕು. ಕೊಟ್ಟ 21 ದಿನದೊಳಗೆ ಬದಲಾವಣೆ ತರುವಂತಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಮಿನಲ್ಲಿ ಇದ್ದ ಈ ನಿಯಮ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲಿದೆ. ಕಾರ್ಮಿಕ ಸಂಘದೊಂದಿಗಿನ ಒಪ್ಪಂದದಿಂದ ಬಂದ ಬದಲಾವಣೆಯಂಥ ಕೆಲವು ಸಂದರ್ಭಗಳಿಗೆ ವಿನಾಯಿತಿ ಉಂಟು. ಉಳಿದಂತೆ, ರಜೆಯನ್ನು ಕಡಿಮೆ ಮಾಡುವ ನಿರ್ಧಾರವನ್ನು ‘ತಕ್ಷಣದಿಂದ’ ಜಾರಿಗೆ ತರಲು ಬರುವುದಿಲ್ಲ.

ಪೀಣ್ಯದ ಆ ಕಾರ್ಖಾನೆ ಸಾಂದರ್ಭಿಕ ರಜೆಯ ಇಳಿಕೆಯನ್ನು 2026ರ ಜನವರಿ 1ರಿಂದ ತರಬೇಕೆಂದಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ನೋಟಿಸ್ ಡಿಸೆಂಬರ್ 5ಕ್ಕೆ ಹೊರಟರೆ 21 ದಿನ ಮುಗಿಯುವುದು ಡಿಸೆಂಬರ್ 26ಕ್ಕೆ. ಜನವರಿ 1 ನಿರಾತಂಕ. ಅದೇ ನೋಟಿಸ್ ಡಿಸೆಂಬರ್ 15ಕ್ಕೆ ಹೊರಟರೆ ಜನವರಿ 5ರವರೆಗೆ ಕಾಯಬೇಕು. ಅಷ್ಟರಲ್ಲಿ ಜನವರಿ 1ರಂದು ಹೊಸ ವರ್ಷದ 10 ದಿನ ಎಲ್ಲರ ಖಾತೆಗೂ ಹಳೆಯ ನಿಯಮದಂತೆ ಜಮೆಯಾಗಿರುತ್ತದೆ. ಜಮೆಯಾದದ್ದನ್ನು ಜನವರಿ 6ರಂದು 7ಕ್ಕೆ ಇಳಿಸಲು ಹೊರಟರೆ ಕೊಟ್ಟದ್ದನ್ನು ಕಿತ್ತುಕೊಂಡಂತಾಗುತ್ತದೆ. ಹತ್ತು ದಿನ ತಡವಾದ ಕಾಗದಕ್ಕೆ ತೆರಬೇಕಾದ ಬೆಲೆ ಇದು. ಅಂಥ ಸಂದರ್ಭದಲ್ಲಿ ಆ ವರ್ಷ 10 ದಿನವನ್ನೇ ಉಳಿಸಿ, ಇಳಿಕೆಯನ್ನು 2027ರ ಜನವರಿ 1ಕ್ಕೆ ಮುಂದೂಡುವುದೊಂದೇ ನ್ಯಾಯವಾದ ದಾರಿ. ರಜೆಯ ವರ್ಷದ ನಡುವೆ ಏರಿಕೆ ತರಬಹುದು. ಇಳಿಕೆಯನ್ನು ವರ್ಷದ ಮೊದಲ ದಿನಕ್ಕೇ ಇಟ್ಟುಕೊಳ್ಳಬೇಕು.

ಕಾನೂನು ತಂದ ಬದಲಾವಣೆಗೆ ದಿನಾಂಕವನ್ನು ಕಂಪನಿ ಆರಿಸುವುದಿಲ್ಲ, ಅದು ನವೆಂಬರ್ 21. ಆದರೂ ಒಂದು ಸಂದೇಹ ಉಳಿಯುತ್ತದೆ. ಒಬ್ಬ ಕೆಲಸಗಾರ್ತಿ ಕಾಯಿಲೆಯಿಂದ ಎರಡು ತಿಂಗಳು ಸಂಬಳವಿಲ್ಲದ ರಜೆಯಲ್ಲಿದ್ದು, 2025ರಲ್ಲಿ ಒಟ್ಟು 212 ದಿನ ದುಡಿದಿದ್ದಾಳೆ. ಹಳೆಯ 240ರ ಮಿತಿಯಲ್ಲಿ ಅವಳಿಗೆ ಒಂದು ದಿನವೂ ಸಿಗದು. ಹೊಸ 180ರ ಮಿತಿಯಲ್ಲಿ 212ನ್ನು 20ರಿಂದ ಭಾಗಿಸಿದರೆ 10.6 ಬರುತ್ತದೆ. ಅರ್ಧ ದಿನ ಅಥವಾ ಅದಕ್ಕಿಂತ ಹೆಚ್ಚಿನ ಭಾಗವನ್ನು ಪೂರ್ತಿ ದಿನವೆಂದು ಎಣಿಸಬೇಕಾದ್ದರಿಂದ 11 ದಿನ. ವರ್ಷದ ಹೆಚ್ಚಿನ ಭಾಗ ಹಳೆಯ ಕಾಯ್ದೆಯಡಿ ಕಳೆದಿದೆ, ಕೊನೆಯ 41 ದಿನ ಮಾತ್ರ ಹೊಸದರಡಿ. ಅವಳಿಗೆ ಸೊನ್ನೆಯೋ, ಹನ್ನೊಂದೋ? ವರ್ಷ ಮುಗಿದು ಲೆಕ್ಕ ಹಾಕುವ ದಿನ ಜಾರಿಯಲ್ಲಿರುವುದು ಹೊಸ ನಿಯಮ, ಆದ್ದರಿಂದ ಅವಳಿಗೆ ಹನ್ನೊಂದು ದಿನ ಕೊಡುವುದೇ ಸರಿಯಾದ ನಿರ್ಧಾರ. ಕಂಪನಿ ಏನೇ ತೀರ್ಮಾನಿಸಲಿ, ‘2025ರ ಕೆಲಸದ ದಿನಗಳನ್ನೂ 180ರ ಮಿತಿಯಲ್ಲೇ ಎಣಿಸಲಾಗುವುದು’ ಎಂಬಂಥ ಒಂದು ವಾಕ್ಯ ಸುತ್ತೋಲೆಯಲ್ಲಿ ಇದ್ದರೆ ಮಾತ್ರ ಅವಳಿಗೆ ತನ್ನ ಪಾಲು ಗೊತ್ತಾಗುತ್ತದೆ. ಇಲ್ಲದಿದ್ದರೆ ರಜೆಯ ಗುಮಾಸ್ತ ತನಗೆ ತೋಚಿದಂತೆ ಲೆಕ್ಕ ಹಾಕುತ್ತಾನೆ.

ಇನ್ನೊಬ್ಬ ಹಳೆಯ ಕೆಲಸಗಾರನ ಖಾತೆ ನೋಡಬಹುದು. ಹಿಂದಿನಿಂದ ಬಂದ ರಜೆ 30 ದಿನ. ಹಿಂದಿನ ವರ್ಷದ 280 ದಿನದ ದುಡಿಮೆಗೆ 14 ದಿನ ಸೇರಿ 44 ಆಯಿತು. ಮಗಳ ಮದುವೆಗೆಂದು 6 ದಿನ ಬಳಸಿದ. ಡಿಸೆಂಬರ್ 31ಕ್ಕೆ ಉಳಿದದ್ದು 38. ಮುಂದಕ್ಕೆ ಹೋಗುವುದು 30. ಉಳಿದ 8 ದಿನಗಳು ಹಳೆಯ ಪದ್ಧತಿಯಲ್ಲಿ ಹೋದಂತೆಯೇ, ಹೊಸದರಲ್ಲಿ ಅವು ಹಣವಾಗಿ ಕೈಗೆ ಬರಬೇಕು. ಆ ಹಣ ಎಂದು ಬರುತ್ತದೆ, ಅರ್ಜಿ ಕೊಡಬೇಕೇ ಅಥವಾ ತಾನಾಗಿ ಜನವರಿಯ ಸಂಬಳದಲ್ಲಿ ಸೇರುತ್ತದೆಯೇ, ಒಂದು ದಿನದ ದರವನ್ನು ಯಾವ ಸಂಬಳದ ಮೇಲೆ ಕಟ್ಟಲಾಗುತ್ತದೆ, ಈ ಮೂರನ್ನೂ ಸುತ್ತೋಲೆ ಹೇಳಬೇಕು. ಅವನಿಗೆ ಮೊದಲೊಮ್ಮೆ ರಜೆ ನಿರಾಕರಿಸಿದ್ದರೆ ಆ ಅರ್ಜಿಯ ಪ್ರತಿ ಇಟ್ಟುಕೊಂಡಿದ್ದಾನೆಯೇ ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ನಿರಾಕರಿಸಿದ 5 ದಿನಗಳಿದ್ದರೆ ಅವು ಮಿತಿಯ ಲೆಕ್ಕಕ್ಕೇ ಬರುವುದಿಲ್ಲ. ಆಗ ಮುಂದಕ್ಕೆ ಹೋಗುವುದು 35, ಹಣವಾಗುವುದು 3.

ಇಷ್ಟನ್ನೂ ಒಂದು ಪುಟದಲ್ಲಿ ಹೇಳಬಹುದು. ಮೇಲಿನ ಕಾರ್ಖಾನೆಯ ಸುತ್ತೋಲೆಯ ಮೊದಲ ಭಾಗ ಹೀಗಿದ್ದರೆ ಸಾಕು:

‘ಪೀಣ್ಯ ಘಟಕದ ಎಲ್ಲ ಕಾಯಂ ಕೆಲಸಗಾರರು ಮತ್ತು ಸೂಪರ್‌ವೈಸರುಗಳ ಗಮನಕ್ಕೆ. ಗಳಿಕೆ ರಜೆ ಪಡೆಯಲು ವರ್ಷಕ್ಕೆ 240 ದಿನ ದುಡಿಯಬೇಕಿತ್ತು; ಇನ್ನು 180 ದಿನ ಸಾಕು. 2025ರ ಲೆಕ್ಕಕ್ಕೂ ಇದೇ ಅನ್ವಯ. 20 ದಿನಕ್ಕೆ ಒಂದು ರಜೆ ಎಂಬುದು ಬದಲಾಗಿಲ್ಲ. 30 ದಿನ ಮೀರಿದ ರಜೆ ಹಿಂದೆ ರದ್ದಾಗುತ್ತಿತ್ತು. ಈ ಡಿಸೆಂಬರ್ 31ರಿಂದ ಅದರ ಹಣ ಜನವರಿ ಸಂಬಳದೊಂದಿಗೆ ಬರುತ್ತದೆ, ಅರ್ಜಿ ಬೇಕಿಲ್ಲ. ಸಾಂದರ್ಭಿಕ ರಜೆ 10 ದಿನದಿಂದ 7 ದಿನಕ್ಕೆ ಇಳಿಯುತ್ತದೆ; ಇದು 2026ರ ಜನವರಿ 1ರಿಂದ. 2025ರ ಉಳಿದ ಸಾಂದರ್ಭಿಕ ರಜೆಯನ್ನು ಡಿಸೆಂಬರ್ 31ರೊಳಗೆ ಬಳಸಿಕೊಳ್ಳಬಹುದು. ನಿಮ್ಮ ಖಾತೆಯಲ್ಲಿರುವ ರಜೆಯ ದಿನಗಳನ್ನು ಡಿಸೆಂಬರ್ ಸಂಬಳದ ಚೀಟಿಯಲ್ಲಿ ನಮೂದಿಸಲಾಗುವುದು. ವ್ಯತ್ಯಾಸ ಕಂಡರೆ ಜನವರಿ 20ರೊಳಗೆ ಸಿಬ್ಬಂದಿ ವಿಭಾಗಕ್ಕೆ ಬರೆದು ಕೊಡಿ.’

ಇದರಲ್ಲಿ ಮೂರು ಬದಲಾವಣೆಗಳಿವೆ, ಪ್ರತಿಯೊಂದಕ್ಕೂ ಅದರದೇ ದಿನಾಂಕವಿದೆ. ಇಳಿಕೆಯನ್ನು ಇಳಿಕೆ ಎಂದೇ ಹೇಳಿದೆ. ಅದಕ್ಕೆ ಕಾರಣವನ್ನೂ ಒಂದೆರಡು ಸಾಲಿನಲ್ಲಿ ಸೇರಿಸಿದರೆ ಒಳ್ಳೆಯದು. ಮುಟ್ಟಿನ ರಜೆಗೆ ಪ್ರತ್ಯೇಕ ಕಾಗದ ಬೇಕು, ಏಕೆಂದರೆ ಅದು ತಲುಪಬೇಕಾದವರ ಪಟ್ಟಿಯೇ ಬೇರೆ. ಗುತ್ತಿಗೆದಾರರಿಗೂ ಅದರ ಪ್ರತಿ ಹೋಗಬೇಕು.

ತಲುಪಿಸುವ ರೀತಿಯಲ್ಲೂ ಸೋಲುಗಳಾಗುತ್ತವೆ. ಕಚೇರಿಯ ಇಮೇಲ್ ಇರುವುದು ಸೂಪರ್‌ವೈಸರಿನವರೆಗೆ ಮಾತ್ರ. ಯಂತ್ರದ ಮುಂದಿರುವವರಿಗೆ ಇಮೇಲ್ ಕಳಿಸಿದೆವು ಎಂದರೆ ಕಳಿಸಲಿಲ್ಲ ಎಂದೇ ಅರ್ಥ. ಸ್ಥಾಯಿ ಆದೇಶಗಳನ್ನು ಇಂಗ್ಲಿಷಿನಲ್ಲೂ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಪ್ರವೇಶದ್ವಾರದ ಬಳಿ ಹಾಕಬೇಕೆಂದು 1946ರ ಕಾಯ್ದೆಯೇ ಹೇಳಿತ್ತು. ಪೀಣ್ಯದಂಥ ಕಡೆ ಕನ್ನಡದ ಜೊತೆಗೆ ಹಿಂದಿಯ ಪ್ರತಿಯೂ ಬೇಕಾಗಬಹುದು, ಏಕೆಂದರೆ ಹೊರರಾಜ್ಯದಿಂದ ಬಂದವರು ಅಲ್ಲಿ ಬಹಳ. ರಾತ್ರಿ ಪಾಳಿಯವರು, ಹೆರಿಗೆ ರಜೆಯಲ್ಲಿರುವವರು, ಆಸ್ಪತ್ರೆಯಲ್ಲಿರುವವರು ನೋಟಿಸ್ ಬೋರ್ಡ್ ನೋಡಲಾರರು, ಅವರಿಗೆ ಫೋನಿಗೋ ಮನೆಗೋ ಕಳಿಸಬೇಕು. ನೋಟಿಸ್ ಹಾಕಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಬೇಕು, 21 ದಿನದ ಎಣಿಕೆ ಶುರುವಾಗುವುದು ಅಲ್ಲಿಂದ.

ಸುತ್ತೋಲೆ ತಲುಪಿತೇ ಎಂದು ತಿಳಿಯಲು ಸಹಿ ಮಾಡಿದ ಹಾಳೆಗಳನ್ನು ಎಣಿಸಿದರೆ ಪ್ರಯೋಜನವಿಲ್ಲ. ಸಹಿ ಹಾಕಿದವರೆಲ್ಲ ಓದಿರುವುದಿಲ್ಲ. ಮೊದಲ ಎರಡು ವಾರಗಳಲ್ಲಿ ಸಿಬ್ಬಂದಿ ವಿಭಾಗಕ್ಕೆ ಬರುವ ಪ್ರಶ್ನೆಗಳನ್ನು ಬರೆದಿಟ್ಟರೆ ಗೊತ್ತಾಗುತ್ತದೆ. ‘ನನ್ನ ಹಳೆಯ ರಜೆ ಏನಾಯಿತು?’ ಎಂಬ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ದೋಷ ಕೇಳುವವರದಲ್ಲ, ಕಾಗದದ್ದು. ಒಬ್ಬೊಬ್ಬರಿಗೂ ಬಾಯಲ್ಲಿ ಉತ್ತರ ಹೇಳುತ್ತ ಹೋದರೆ ನಾಲ್ವರಿಗೆ ನಾಲ್ಕು ಉತ್ತರ ಸಿಗುತ್ತದೆ. ಉತ್ತರವನ್ನು ಬರೆದು, ದಿನಾಂಕ ಹಾಕಿ, ಮೊದಲ ಸುತ್ತೋಲೆಯ ಪಕ್ಕದಲ್ಲೇ ಅಂಟಿಸಬೇಕು.

ಸುತ್ತೋಲೆ ಪಡೆದ ನೌಕರರೂ ಒಂದು ಕೆಲಸ ಮಾಡಬೇಕು. ಡಿಸೆಂಬರ್ 31ಕ್ಕೆ ತಮ್ಮ ಖಾತೆಯಲ್ಲಿ ಎಷ್ಟು ದಿನವಿತ್ತು, ಯಾವ ಅರ್ಜಿ ನಿರಾಕರಣೆಯಾಯಿತು ಎಂಬುದನ್ನು ಸ್ವತಃ ಬರೆದಿಟ್ಟುಕೊಳ್ಳಬೇಕು. ಜನವರಿಯ ಚೀಟಿಯೊಂದಿಗೆ ಅದು ತಾಳೆಯಾಗದಿದ್ದರೆ ಬಾಯಿಮಾತಿನಲ್ಲಿ ಬಿಡದೆ ಲಿಖಿತವಾಗಿ ಕೇಳಬೇಕು, ಕೊಟ್ಟ ಪತ್ರದ ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಬೇಕು.